ಕಾಡಂಚಿನ ಹೊಲಕ್ಕೆ ಆನೆ ಇಳಿಯುವ ಮುನ್ನ

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಅಂಚಿನ ಹಳ್ಳಿಗಳಲ್ಲಿ ಅಕ್ಟೋಬರ್ ಬಂತೆಂದರೆ ರಾತ್ರಿಯ ಊಟ ಬೇಗ ಮುಗಿಯುತ್ತದೆ. ರಾಗಿ ತೆನೆ ಕಟ್ಟಿರುತ್ತದೆ. ಕಂಬಳಿ, ಟಾರ್ಚು, ತಮಟೆ ಹಿಡಿದು ಗಂಡಸರು ಅಟ್ಟಣೆ ಏರುತ್ತಾರೆ. ಅಲ್ಲಿಂದ ಸುಗ್ಗಿ ಮುಗಿಯುವವರೆಗೂ ನಿದ್ದೆಯೆಂಬುದಿಲ್ಲ. ಇಷ್ಟಾದರೂ ಬೆಳಗಾಗುವಷ್ಟರಲ್ಲಿ ಎಲ್ಲೋ ಒಂದು ಕಡೆ ಅರ್ಧ ಎಕರೆ ನೆಲಸಮವಾಗಿರುತ್ತದೆ.

2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಸಂಖ್ಯೆಯನ್ನು 6,395 ಎಂದು ಅಂದಾಜಿಸಲಾಯಿತು. ದೇಶದ ಬೇರಾವ ರಾಜ್ಯದಲ್ಲೂ ಇಷ್ಟು ಆನೆಗಳಿಲ್ಲ. ಕಾಡಂಚಿನ ರೈತರ ಸಭೆಗಳಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ‘ಗಟ್ಟಿಯಾಗಿ ಒಂದು ಬೇಲಿ ಹಾಕ್ಸಿಕೊಡಿ ಸಾರ್, ಮಿಕ್ಕಿದ್ದು ನಾವು ನೋಡ್ಕೋತೀವಿ.’ ಬೇಲಿ ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಬೇಲಿ ಆನೆಯನ್ನು ತಡೆಯುವುದು ಕೆಲವು ನಿಮಿಷ ಮಾತ್ರ. ಆ ನಿಮಿಷಗಳಲ್ಲಿ ಊರಿಗೆ ಸುದ್ದಿ ತಲುಪಿ ಜನ ಎಚ್ಚೆತ್ತರೆ ಬೆಳೆ ಉಳಿಯುತ್ತದೆ. ಇಲ್ಲವಾದರೆ ಆನೆ ನಿಧಾನಕ್ಕೆ ದಾರಿ ಕಂಡುಕೊಳ್ಳುತ್ತದೆ. ಆದ್ದರಿಂದ ಆನೆ ಏಕೆ ಬರುತ್ತದೆ, ಯಾವಾಗ ಬರುತ್ತದೆ, ಅದು ಬರುವ ಸುದ್ದಿ ಮೊದಲೇ ತಿಳಿಯುವುದು ಹೇಗೆ ಎಂಬಲ್ಲಿಂದ ಮಾತು ಆರಂಭಿಸುವುದು ಒಳ್ಳೆಯದು.

ಬರುವುದು ಯಾರು, ಯಾವಾಗ

ಭಾರತೀಯ ವಿಜ್ಞಾನ ಸಂಸ್ಥೆಯ ಆನೆ ತಜ್ಞ ರಾಮನ್ ಸುಕುಮಾರ್ 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲ ಸೀಮೆಯ ಕಾಡುಗಳಲ್ಲಿ ಆನೆಗಳ ಬೆನ್ನು ಹತ್ತಿ ಅಧ್ಯಯನ ಮಾಡಿದರು. ಅವರು ಕಂಡುಕೊಂಡದ್ದು ಇಂದಿಗೂ ರೈತರಿಗೆ ಉಪಯೋಗಕ್ಕೆ ಬರುವ ಸಂಗತಿ. ಬೆಳೆದ ಗಂಡಾನೆಯು ಹೆಣ್ಣಾನೆಗಳ ಗುಂಪಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಲ ಹೊಲಕ್ಕೆ ನುಗ್ಗುತ್ತದೆ. ಮರಿಗಳಿರುವ ಹಿಂಡು ಅಪಾಯಕ್ಕೆ ಹೆದರಿ ಕಾಡಿನೊಳಗೇ ಉಳಿಯಲು ನೋಡುತ್ತದೆ. ಸಲಗಕ್ಕೆ ಆ ಚಿಂತೆಯಿಲ್ಲ. ಮೈಕಟ್ಟು ಬೆಳೆದಷ್ಟೂ ಬೇರೆ ಗಂಡುಗಳೆದುರು ಗೆಲ್ಲುವ, ಹೆಣ್ಣಾನೆ ಸಿಗುವ ಅವಕಾಶ ಹೆಚ್ಚು. ಅದಕ್ಕಾಗಿ ಅದು ಗುಂಡಿನ ಸದ್ದಿಗೂ ಬೆಂಕಿಗೂ ಎದೆಗೊಟ್ಟು ಬರುತ್ತದೆ.

ಹೊಲದಲ್ಲಿ ಅದಕ್ಕೆ ಸಿಗುವುದೇನು? ಬೆಳೆದ ಆನೆಗೆ ದಿನಕ್ಕೆ ಸುಮಾರು ನೂರೈವತ್ತು ಕಿಲೋ ಹಸಿ ಮೇವು ಬೇಕು. ಮಳೆಗಾಲ ಮುಗಿಯುತ್ತಿದ್ದಂತೆ ಕಾಡಿನ ಹುಲ್ಲು ಬಲಿತು ನಾರಾಗುತ್ತದೆ, ಅದರಲ್ಲಿ ಸತ್ವ ಇಳಿಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ರಾಗಿ, ಭತ್ತ ತೆನೆ ಹೊಡೆಯುತ್ತವೆ. ಆ ಹುಲ್ಲಿಗಿಂತ ಈ ಬೆಳೆಗಳಲ್ಲಿ ಪ್ರೋಟೀನು ಹೆಚ್ಚು, ಕ್ಯಾಲ್ಸಿಯಂ, ಸೋಡಿಯಂಗಳೂ ಹೆಚ್ಚು. ಒಂದೇ ಜಾಗದಲ್ಲಿ ನಿಂತು ಸೊಂಡಿಲು ಬೀಸಿ ಹೊಟ್ಟೆ ತುಂಬಿಸಿಕೊಳ್ಳುವಷ್ಟು ಒತ್ತಾಗಿ ಸಿಗುತ್ತವೆ. ಕಾಡಿನಲ್ಲಿ ಮೇವಿದ್ದರೂ ಆನೆ ಹೊಲಕ್ಕೆ ಬರುವುದು ಈ ಕಾರಣಕ್ಕೆ.

ಇದರಿಂದ ರೈತನಿಗೆ ಒಂದು ಪಂಚಾಂಗ ಸಿಗುತ್ತದೆ. ಜುಲೈ ಎರಡನೇ ವಾರ ಬಿತ್ತಿದ, ನೂರಹದಿನೈದು ದಿನದ ರಾಗಿಯನ್ನು ತೆಗೆದುಕೊಳ್ಳಿ. ಸೆಪ್ಟೆಂಬರ್ ಕೊನೆಗೆ ಅದು ತೆನೆ ಹೊಡೆಯುತ್ತದೆ. ಅಕ್ಟೋಬರಿನಲ್ಲಿ ಕಾಳು ಹಾಲು ತುಂಬಿ ಗಟ್ಟಿಯಾಗುತ್ತದೆ. ನವೆಂಬರ್ ಮೊದಲ ವಾರ ಕೊಯ್ಲು. ನಿಜವಾದ ಅಪಾಯ ಇರುವುದು ಈ ಐದಾರು ವಾರ. ಆಮೇಲೆ ಮೆದೆ ಕಣದಲ್ಲಿರುವಷ್ಟು ದಿನ. ವರ್ಷವಿಡೀ ಒಂದೇ ಹದದಲ್ಲಿ ಕಾವಲು ಕಾಯಲು ಯಾವ ಊರಿನಿಂದಲೂ ಆಗದು, ಆದರೆ ಐದಾರು ವಾರ ಮೈಯೆಲ್ಲ ಕಣ್ಣಾಗಿರಲು ಆಗುತ್ತದೆ.

ಇಲ್ಲಿ ಅನೇಕರು ಗಮನಿಸದ ಅಂಶವೊಂದಿದೆ. ಊರಿನ ಎಲ್ಲರ ರಾಗಿ ಹೆಚ್ಚುಕಡಿಮೆ ಒಟ್ಟಿಗೆ ಹಣ್ಣಾದರೆ ಕಾವಲೂ ಒಟ್ಟಿಗೆ ಮುಗಿಯುತ್ತದೆ. ಒಬ್ಬರು ತಿಂಗಳು ತಡವಾಗಿ ಬಿತ್ತಿದರೆ, ಉಳಿದವರು ಕೊಯ್ದು ಅಟ್ಟಣೆ ಇಳಿದ ಮೇಲೆ ಸುತ್ತಮುತ್ತ ಹಸಿರಾಗಿ ಉಳಿಯುವುದು ಅವರದೊಂದೇ ಹೊಲ. ಆ ಸೀಮೆಯ ಸಲಗಗಳೆಲ್ಲ ಅಲ್ಲಿಗೇ ಬರುತ್ತವೆ. ಮಳೆ ನೋಡಿಕೊಂಡು ಬಿತ್ತಬೇಕಾದ ಒಣಬೇಸಾಯದಲ್ಲಿ ಎಲ್ಲರೂ ಒಂದೇ ದಿನ ಬಿತ್ತಲಾಗದು ನಿಜ. ಆದರೂ ಕಾಡಿಗೆ ತಾಗಿದ ಮೊದಲ ಸಾಲಿನ ಹೊಲದವರು ಒಂದೇ ವಾರದೊಳಗೆ ಬಿತ್ತುವ ಒಪ್ಪಂದ ಮಾಡಿಕೊಳ್ಳಬಹುದು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ನೆಲ ಹೇಳುವ ಸುದ್ದಿ

ಮೊದಲ ಮುನ್ನೆಚ್ಚರಿಕೆ ಸಿಗುವುದು ನೆಲದಲ್ಲಿ. ಬೆಳಗ್ಗೆ ಕಾಡಂಚಿನ ಗಾಡಿದಾರಿ, ಹಳ್ಳ, ಕೆರೆಯಂಗಳ ಸುತ್ತಿಬಂದವರಿಗೆ ಆ ರಾತ್ರಿ ಏನು ನಡೆಯಬಹುದೆಂಬ ಅಂದಾಜು ಸಿಗುತ್ತದೆ. ಆನೆಯ ಮುಂಗಾಲಿನ ಹೆಜ್ಜೆ ದುಂಡಗೆ, ಹಿಂಗಾಲಿನದು ಸ್ವಲ್ಪ ಉದ್ದಕ್ಕೆ ಇರುತ್ತದೆ. ದುಂಡನೆಯ ಹೆಜ್ಜೆಯ ಸುತ್ತ ದಾರ ಇಟ್ಟು ಅಳೆಯಿರಿ. ಆ ಅಳತೆಯ ಎರಡರಷ್ಟು ಹೆಚ್ಚುಕಡಿಮೆ ಆನೆಯ ಹೆಗಲಿನ ಎತ್ತರ. ದಾರ ನಾಲ್ಕೂವರೆ ಅಡಿ ಬಂದರೆ ಆನೆ ಒಂಬತ್ತು ಅಡಿ. ಅದು ಬೆಳೆದ ಗಂಡಾನೆಯೇ ಎನ್ನಬಹುದು. ಕೆಸರಿನಲ್ಲಿ ಹೆಜ್ಜೆ ಹಿಗ್ಗುವುದರಿಂದ ಗಟ್ಟಿ ನೆಲದ ಗುರುತನ್ನೇ ಅಳೆಯಬೇಕು. ಒಂದೇ ಅಳತೆಯ ಹೆಜ್ಜೆಯಿದ್ದರೆ ಒಂಟಿ ಸಲಗ. ದೊಡ್ಡ ಹೆಜ್ಜೆಗಳ ನಡುವೆ ತಟ್ಟೆಯಗಲದ ಪುಟ್ಟ ಹೆಜ್ಜೆಗಳಿದ್ದರೆ ಮರಿಗಳಿರುವ ಹಿಂಡು. ಅದರ ಹತ್ತಿರ ಯಾರೂ ಸುಳಿಯಬಾರದು.

ಲದ್ದಿಯೂ ಮಾತಾಡುತ್ತದೆ. ಮೇಲ್ಮೈ ಒದ್ದೆಯಾಗಿ ಹೊಳೆಯುತ್ತ ಒಳಗೆ ಬಿಸಿಯಿದ್ದರೆ ಆನೆ ಆಗಷ್ಟೇ ಹೋಗಿದೆ, ಬಹುಶಃ ಹತ್ತಿರದಲ್ಲೇ ಇದೆ. ಅಲ್ಲಿ ನಿಲ್ಲದೆ ಹಿಂದಿರುಗಬೇಕು. ಹಳೆಯ ಲದ್ದಿಯನ್ನು ಕಡ್ಡಿಯಲ್ಲಿ ಬಿಡಿಸಿ ನೋಡಿ. ಬರೀ ನಾರು, ಬಿದಿರಿನ ಸೀಳು ಇದ್ದರೆ ಅದು ಕಾಡಿನಲ್ಲೇ ಮೇದ ಆನೆ. ಅರೆಯದೆ ಉಳಿದ ರಾಗಿಕಾಳು, ಭತ್ತದ ಹೊಟ್ಟು ಕಂಡರೆ ಅದು ಹೊಲದ ರುಚಿ ಹತ್ತಿದ ಆನೆ, ಮತ್ತೆ ಬಂದೇ ಬರುತ್ತದೆ. ಇಂಥ ಗುರುತು ಕಂಡ ಜಾಗ, ದಿನಾಂಕಗಳನ್ನು ಊರಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಹೋದರೆ ಎರಡು ಸುಗ್ಗಿಯೊಳಗೆ ಆನೆ ಕಾಡಿನಿಂದ ಹೊರಬರುವ ಕಂಡಿಗಳು ಯಾವುವೆಂದು ಸ್ಪಷ್ಟವಾಗುತ್ತದೆ. ಅವು ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ: ಹಳ್ಳ ಹಾದುಹೋಗುವ ಕಡೆ, ಕಂದಕ ಕುಸಿದ ಕಡೆ, ಪೊದೆ ದಟ್ಟವಾಗಿ ಹೊಲಕ್ಕೆ ತಾಗಿದ ಕಡೆ. ಅಟ್ಟಣೆ ಕಟ್ಟಬೇಕಾದುದು ಆ ಕಂಡಿಗಳೆದುರಿಗೆ.

ಸಂಜೆಯ ಸಂದೇಶ, ಕೆಂಪು ದೀಪ

ತಮಿಳುನಾಡಿನ ಆನೆಮಲೆ ಸಾಲಿನ ವಾಲ್ಪಾರೈ ಚಹಾ ತೋಟಗಳ ಸೀಮೆ. ಅಲ್ಲಿ ಆನೆಗಳಿಗೆ ಬಲಿಯಾದವರಲ್ಲಿ ಬಹಳ ಮಂದಿಗೆ ಆನೆ ಹತ್ತಿರದಲ್ಲಿದೆ ಎಂಬುದೇ ತಿಳಿದಿರಲಿಲ್ಲ. ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಎದುರಾಗಿತ್ತು. ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ಆನಂದ ಕುಮಾರ್ ಮತ್ತು ಜೊತೆಗಾರರು ಅರಣ್ಯ ಇಲಾಖೆಯೊಂದಿಗೆ ಸೇರಿ ಅಲ್ಲೊಂದು ಸರಳ ವ್ಯವಸ್ಥೆ ಕಟ್ಟಿದರು. ಹಗಲು ಆನೆಗಳನ್ನು ಗಮನಿಸಿ ಸಂಜೆಯ ಹೊತ್ತಿಗೆ ಅವು ಎಲ್ಲಿವೆ ಎಂದು ಸುತ್ತಲಿನವರ ಮೊಬೈಲಿಗೆ ಸಂದೇಶ ಕಳಿಸುವುದು, ಸ್ಥಳೀಯ ಕೇಬಲ್ ಟಿ.ವಿ.ಯ ಕೆಳಸಾಲಿನಲ್ಲಿ ಸುದ್ದಿ ಹಾಯಿಸುವುದು, ಆಯಕಟ್ಟಿನ ಜಾಗಗಳಲ್ಲಿ ದೂರಕ್ಕೆ ಕಾಣುವ ಕೆಂಪು ದೀಪ ಉರಿಸುವುದು. ಈ ದೀಪಗಳನ್ನು ಮೊಬೈಲ್ ಕರೆಯಿಂದ ಊರಿನವರೇ ಹೊತ್ತಿಸಬಹುದು. ಈ ಕೆಲಸಕ್ಕಾಗಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು.

ಇದೇ ಕ್ರಮ ನಮ್ಮ ಹಾಸನ ಜಿಲ್ಲೆಗೂ ಬಂದಿದೆ. ಆಲೂರು, ಸಕಲೇಶಪುರ ಕಡೆ ಆನೆಗಳು ಕಾಫಿ ತೋಟಗಳಲ್ಲೇ ಹಗಲು ಕಳೆದು ರಾತ್ರಿ ಗದ್ದೆಗಿಳಿಯುತ್ತವೆ. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ತೊಂದರೆ ಮಾತ್ರ ನಿಲ್ಲಲಿಲ್ಲ. ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೊ ಕಾಲರ್ ಹಾಕಿ ಅವುಗಳ ಹಿಂಡು ಎಲ್ಲಿದೆ ಎಂದು ತಿಳಿಯುವುದು, ಸಿಬ್ಬಂದಿ ಬೆನ್ನು ಹತ್ತಿ ಖಚಿತಪಡಿಸುವುದು, ಸಂದೇಶ, ವಾಟ್ಸ್ಆ್ಯಪ್, ಎಚ್ಚರಿಕೆ ದೀಪಗಳ ಮೂಲಕ ಜನರಿಗೆ ತಿಳಿಸುವುದು ಈಗ ಅಲ್ಲಿ ನಡೆಯುತ್ತಿದೆ.

ಇದರ ಮಿತಿಯನ್ನೂ ತಿಳಿದಿರಬೇಕು. ಕಾಲರ್ ಇರುವುದು ಹಿಂಡಿನ ಒಂದು ಹೆಣ್ಣಾನೆಗೆ. ಹೆಚ್ಚು ಸಲ ಹೊಲಕ್ಕೆ ಬರುವ ಒಂಟಿ ಸಲಗಗಳಲ್ಲಿ ಬಹುಪಾಲಿಗೆ ಅದಿರುವುದಿಲ್ಲ. ಕಾಲರ್ ಕೆಲವು ಗಂಟೆಗೊಮ್ಮೆ ಮಾತ್ರ ತಾನಿರುವ ಜಾಗ ತಿಳಿಸುತ್ತದೆ, ಅಷ್ಟರಲ್ಲಿ ಆನೆ ಒಂದೆರಡು ಊರು ದಾಟಿರಬಹುದು. ಮೊಬೈಲ್ ಸಿಗ್ನಲ್ ಸಿಗದ ಮೂಲೆಗಳಿಗೆ ಸಂದೇಶ ತಲುಪುವುದೇ ಇಲ್ಲ. ಆದ್ದರಿಂದ ಇಲಾಖೆಯ ಸಂದೇಶದ ಜೊತೆಗೆ ಊರಿನದೇ ಒಂದು ವ್ಯವಸ್ಥೆ ಬೇಕು.

ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಆನೆ ಬಂದಿದೆ ಹುಷಾರು’ ಎಂದಷ್ಟೇ ಹಾಕಿದರೆ ಯಾರಿಗೂ ಉಪಯೋಗವಿಲ್ಲ. ಎಲ್ಲಿ, ಎಷ್ಟು, ಯಾವ ಕಡೆಗೆ ಹೊರಟಿದೆ, ಎಷ್ಟು ಗಂಟೆಗೆ ಕಂಡಿದ್ದು, ಈ ನಾಲ್ಕೂ ಇರಬೇಕು. ಜಾಗವನ್ನು ಊರಿನವರು ಕರೆಯುವ ಹೆಸರಿನಲ್ಲೇ ಹೇಳಬೇಕು: ‘ಸಂಜೆ 6.10, ಒಂಟಿ ಸಲಗ, ಹುಣಸೆಮರದ ಹಳ್ಳ, ಕೆರೆ ಕಡೆ ಮುಖ.’ ಆನೆ ಕಾಡಿಗೆ ಮರಳಿದಾಗ ಅದನ್ನೂ ತಿಳಿಸಬೇಕು. ಸುಳ್ಳು ಸುದ್ದಿ ನಾಲ್ಕು ದಿನ ಹರಿದಾಡಿದರೆ ಐದನೆಯ ದಿನ ನಿಜವಾದ ಸುದ್ದಿಗೂ ಯಾರೂ ಏಳುವುದಿಲ್ಲ. ಕಣ್ಣಾರೆ ಕಂಡವರು ಅಥವಾ ಹೊಸ ಹೆಜ್ಜೆ ನೋಡಿದವರು ಮಾತ್ರ ಸುದ್ದಿ ಹಾಕಬೇಕೆಂಬ ಕಟ್ಟಳೆ ಇರಲಿ.

ಕಂಡಿಯ ಬಾಯಿಗೆ ಸೈರನ್ ಇಡುವುದು ಇನ್ನೊಂದು ಉಪಾಯ. ನೆಲದಿಂದ ನಾಲ್ಕೈದು ಅಡಿ ಎತ್ತರಕ್ಕೆ ತೆಳುವಾದ ದಾರ ಕಟ್ಟಿ, ಅದು ಎಳೆದಾಗ ಬ್ಯಾಟರಿಯ ಸೈರನ್ ಕೂಗುವಂತೆ ಸ್ವಿಚ್ ಜೋಡಿಸುತ್ತಾರೆ. ಇಷ್ಟು ಎತ್ತರಕ್ಕೆ ಕಟ್ಟಿದರೆ ಹಂದಿ, ನಾಯಿಗಳು ಅಡಿಯಲ್ಲೇ ನುಸುಳಿ ಹೋಗುತ್ತವೆ, ಸುಮ್ಮಸುಮ್ಮನೆ ಕೂಗು ಏಳುವುದಿಲ್ಲ. ದೂರದ ಲೆಕ್ಕವೂ ಮುಖ್ಯ. ಆನೆ ಸಾಧಾರಣ ನಡಿಗೆಯಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತದೆ. ದಾರ ಹೊಲದಿಂದ ಐನೂರು ಮೀಟರ್ ಆಚೆಗಿದ್ದರೆ ಆರೇಳು ನಿಮಿಷ ಸಿಗುತ್ತದೆ. ಹೊಲದ ಬದುವಿನಲ್ಲೇ ಕಟ್ಟಿದರೆ ಸೈರನ್ ಕೂಗುವಾಗ ಆನೆ ರಾಗಿಯೊಳಗೇ ಇರುತ್ತದೆ. ಕಾಡಿನ ಜಾಗದಲ್ಲಿ ಕಟ್ಟುವುದಾದರೆ ವಲಯ ಅರಣ್ಯಾಧಿಕಾರಿಯ ಒಪ್ಪಿಗೆ ಬೇಕು.

ಬೇಲಿ ಸೋಲುವುದು ಎಲ್ಲಿ

ಮಲೆನಾಡಿನವರು ಐಬೆಕ್ಸ್ ಬೇಲಿ ಎನ್ನುವ, ಬಯಲಿನವರು ಸೋಲಾರ್ ಬೇಲಿ ಎನ್ನುವ ವಿದ್ಯುತ್ ಬೇಲಿ ಇಂದು ರೈತರ ಕೈಗೆಟಕುವ ಮುಖ್ಯ ತಡೆ. ಸೌರ ಫಲಕದಿಂದ 12 ವೋಲ್ಟಿನ ಬ್ಯಾಟರಿ ತುಂಬುತ್ತದೆ. ಯಂತ್ರವು ಅದನ್ನು ಏಳೆಂಟು ಸಾವಿರ ವೋಲ್ಟಿಗೆ ಏರಿಸಿ, ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ರೆಪ್ಪೆ ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು ತಂತಿಗೆ ಬಿಡುತ್ತದೆ. ಹೊಡೆತ ಜೋರು, ಆದರೆ ನಡುವೆ ಬಿಡುವಿರುವುದರಿಂದ ಮುಟ್ಟಿದ ಜೀವಿ ಹಿಂದೆ ಸರಿಯಬಹುದು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಟ್ಟರೆ ಆ ಬಿಡುವೇ ಇಲ್ಲ; ಆನೆಯೂ ಸಾಯುತ್ತದೆ, ನೀರು ಕಟ್ಟಲು ಹೋದ ಮನೆಯ ಮಗನೂ ಸಾಯುತ್ತಾನೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲಿಗೆ ಕಳಿಸುವ ಅಪರಾಧ. ಎಷ್ಟೇ ಹತಾಶೆಯಾದರೂ ಆ ದಾರಿ ಹಿಡಿಯಬೇಡಿ.

ಬೇಲಿ ಹೇಗೆ ಸೋಲುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡೋಣ. ಕಾಡಿಗೆ ತಾಗಿದ ಹನ್ನೆರಡು ಮನೆಗಳ ಹೊಲ, ಒಟ್ಟು ಒಂದೂವರೆ ಕಿಲೋಮೀಟರ್ ಉದ್ದದ ಅಂಚು ಎಂದುಕೊಳ್ಳಿ. ಒಂದೇ ಯಂತ್ರ, ಒಂದೇ ತಂತಿಯ ಸಾಲು. ಪಾಲಿಗೆ ನೂರಿಪ್ಪತ್ತೈದು ಮೀಟರ್ ಬರುತ್ತದೆ. ಹನ್ನೊಂದು ಜನ ತಮ್ಮ ಪಾಲಿನ ಕಳೆ ಕಿತ್ತಿದ್ದಾರೆ, ಒಬ್ಬರು ಊರಿನಲ್ಲಿಲ್ಲ. ಅವರ ಪಾಲಿನಲ್ಲಿ ಲಂಟಾನ ಬೆಳೆದು ತಂತಿಗೆ ತಾಗಿದೆ. ಮಳೆ ಬಿದ್ದ ಸಂಜೆ ಆ ಹಸಿ ಎಲೆಗಳ ಮೂಲಕ ವಿದ್ಯುತ್ತು ನೆಲಕ್ಕೆ ಹರಿದುಹೋಗುತ್ತದೆ. ಯಂತ್ರದ ಬಳಿ ‘ಟಕ್ ಟಕ್’ ಸದ್ದು ಎಂದಿನಂತೆ ಕೇಳುತ್ತಿರುವುದರಿಂದ ಬೇಲಿ ಚೆನ್ನಾಗಿದೆ ಎಂದೇ ಎಲ್ಲರೂ ನಂಬುತ್ತಾರೆ. ಬೇಲಿಯ ಕೊನೆಯಲ್ಲಿ ಮಾತ್ರ ಆನೆಗೆ ಕಚಗುಳಿಯಷ್ಟೂ ತಾಗುವುದಿಲ್ಲ. ಒಮ್ಮೆ ದಾಟಿದ ಸಲಗ ಆ ಜಾಗವನ್ನು ಮರೆಯುವುದಿಲ್ಲ.

ಇದನ್ನು ಕಂಡುಹಿಡಿಯಲು ಬೇಲಿಯ ವೋಲ್ಟೇಜ್ ಅಳೆಯುವ ಕೈಮೀಟರ್ ಒಂದಿದ್ದರೆ ಸಾಕು; ಹನ್ನೆರಡು ಮನೆಗೆ ಒಂದೇ ಸಾಕು. ಪ್ರತಿದಿನ ಸಂಜೆ ಐದರ ಹೊತ್ತಿಗೆ ಯಂತ್ರದ ಬಳಿ ಒಮ್ಮೆ, ಬೇಲಿಯ ಕೊನೆಯಲ್ಲಿ ಒಮ್ಮೆ ಅಳೆಯಬೇಕು. ಇಲ್ಲಿ ಎಂಟು ಸಾವಿರ, ಅಲ್ಲಿ ಏಳು ಸಾವಿರ ಬಂದರೆ ಬೇಲಿ ಸರಿಯಿದೆ. ಕೊನೆಯಲ್ಲಿ ಐದು ಸಾವಿರಕ್ಕಿಂತ ಇಳಿದಿದ್ದರೆ ನಡುವೆ ಎಲ್ಲೋ ಸೋರುತ್ತಿದೆ. ಆಗ ಬೇಲಿಯನ್ನು ಮಧ್ಯದಲ್ಲಿ ಬಿಚ್ಚಿ ಮೊದಲರ್ಧವನ್ನು ಮಾತ್ರ ಅಳೆಯಿರಿ. ವೋಲ್ಟೇಜ್ ಏರಿದರೆ ದೋಷ ಎರಡನೆಯ ಅರ್ಧದಲ್ಲಿದೆ, ಏರದಿದ್ದರೆ ಮೊದಲರ್ಧದಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಕತ್ತಲಾಗುವ ಮೊದಲೇ ಜಾಗ ಸಿಗುತ್ತದೆ. ಬಿಚ್ಚಿ ಕಟ್ಟುವಾಗ ಯಂತ್ರ ಆರಿಸಿರಬೇಕು. ಯಂತ್ರದ ಬಳಿಯೇ ವೋಲ್ಟೇಜ್ ಕಡಿಮೆಯಿದ್ದು, ಬೇಲಿಯನ್ನು ಬೇರ್ಪಡಿಸಿದರೂ ಏರದಿದ್ದರೆ ಬ್ಯಾಟರಿ ಅಥವಾ ಯಂತ್ರವನ್ನೇ ನೋಡಬೇಕು.

ಅರ್ಥಿಂಗ್ ಕಡೆಗೂ ಗಮನವಿರಲಿ. ತಂತಿ ಮುಟ್ಟಿದ ಆನೆಯ ಮೈಯಿಂದ ನೆಲಕ್ಕಿಳಿದ ವಿದ್ಯುತ್ತು ಅರ್ಥಿಂಗ್ ಸರಳಿನ ಮೂಲಕ ಯಂತ್ರಕ್ಕೆ ಮರಳಿದಾಗ ಮಾತ್ರ ಏಟು ಬೀಳುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಈ ದಾರಿ ಕಡಿಯುತ್ತದೆ. ಮೂರು ಸರಳುಗಳನ್ನಾದರೂ ಆರಡಿ ಆಳಕ್ಕೆ, ದೂರ ದೂರಕ್ಕೆ ಇಳಿಸಿ, ಒಣಗಾಲದಲ್ಲಿ ಬುಡಕ್ಕೆ ನೀರು ಹಾಕುತ್ತಿರಬೇಕು.

ಎಲ್ಲ ಸರಿಯಿದ್ದರೂ ಕಲಿತ ಸಲಗ ಸುಮ್ಮನಿರುವುದಿಲ್ಲ. ದಂತಕ್ಕೆ ವಿದ್ಯುತ್ತು ಹರಿಯದೆಂದು ಅರಿತು ದಂತದಲ್ಲೇ ತಂತಿ ಹರಿಯುತ್ತದೆ, ಕಂಬವನ್ನು ಕಾಲಿನಿಂದ ಒದ್ದು ಬೀಳಿಸುತ್ತದೆ, ಮರ ಉರುಳಿಸಿ ಬೇಲಿಯ ಮೇಲೆ ಕೆಡವುತ್ತದೆ. ಅದಕ್ಕೆಂದೇ ತೂಗುಬೇಲಿ ಬಂದಿದೆ. ಎತ್ತರದ ತಂತಿಯಿಂದ ಸರಳ ಎಳೆಗಳನ್ನು ನೆಲಕ್ಕೆ ಮೂರು ನಾಲ್ಕು ಅಡಿ ಉಳಿಯುವಂತೆ ಇಳಿಬಿಡುತ್ತಾರೆ. ಕಳೆ ತಾಗುವುದು ಕಡಿಮೆ, ಎಳೆಗಳು ಮೈಗೆ ಸೋಕದೆ ಆನೆ ಕಂಬದ ಹತ್ತಿರ ಬರುವುದೂ ಕಷ್ಟ. ಆನೆ ಕಂದಕ ಒಳ್ಳೆಯದೇ, ಆದರೆ ಮಳೆಗೆ ಅಂಚು ಕುಸಿಯುತ್ತದೆ, ಹಳ್ಳ ಬಂದ ಕಡೆ ತೋಡಲಾಗದು. ಹಳೆಯ ರೈಲು ಕಂಬಿಗಳ ತಡೆಗೋಡೆ ಎಲ್ಲಕ್ಕಿಂತ ಗಟ್ಟಿ, ಆದರೆ ಕಿಲೋಮೀಟರಿಗೆ ಕೋಟಿ ರೂಪಾಯಿ ಮೀರುವ ಆ ಕೆಲಸ ಸರ್ಕಾರದಿಂದ ಮಾತ್ರ ಸಾಧ್ಯ. ಮೆಣಸಿನ ಹೊಗೆ, ಜೇನುಪೆಟ್ಟಿಗೆಗಳ ಸಾಲು ಜೊತೆಗಿರಲಿ. ಅವನ್ನೇ ನಂಬಿ ಕೂರುವಂತಿಲ್ಲ. ಮಳೆಯಲ್ಲಿ ಹೊಗೆ ನಿಲ್ಲದು, ನಮ್ಮ ತುಡುವೆ ಜೇನು ಆಫ್ರಿಕದ ಜೇನಿನಷ್ಟು ಕೆರಳುವುದೂ ಇಲ್ಲ.

ಆನೆ ಒಳಗೆ ಬಂದೇಬಿಟ್ಟರೆ

ಎಲ್ಲ ದಾಟಿ ಆನೆ ಹೊಲಕ್ಕಿಳಿದ ರಾತ್ರಿ ಜೀವ ಮೊದಲು, ರಾಗಿ ಆಮೇಲೆ. ಆನೆ ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನಷ್ಟು ವೇಗದಲ್ಲಿ ನುಗ್ಗಬಲ್ಲದು. ಉತ್ತ ನೆಲದಲ್ಲಿ, ಕತ್ತಲಲ್ಲಿ ಯಾರೂ ಅದನ್ನು ಮೀರಿ ಓಡಲಾರರು. ಸುತ್ತುವರಿದು ಪಟಾಕಿ ಹಚ್ಚಿದರೆ ಅದಕ್ಕೆ ಹೋಗಲು ದಾರಿಯಿರುವುದಿಲ್ಲ, ಆಗ ಜನರ ಮೇಲೇ ಬರುತ್ತದೆ. ಕಾಡಿನ ಕಡೆಯನ್ನು ಪೂರ್ತಿ ಖಾಲಿ ಬಿಟ್ಟು, ಊರಿನ ಕಡೆಯಿಂದ ಮಾತ್ರ, ದೂರದಲ್ಲಿ ಗುಂಪಾಗಿ ನಿಂತು ಸದ್ದು, ಬೆಳಕು ಮಾಡಬೇಕು. ಕುಡಿದವರನ್ನು ಕಾವಲಿಗೆ ಕಳಿಸಬೇಡಿ. ಕಣ್ಣು, ಕಿವಿಗಳ ನಡುವಿನ ಭಾಗದಿಂದ ಎಣ್ಣೆಯಂಥ ರಸ ಇಳಿಯುತ್ತಿದ್ದರೆ ಅದು ಮದವೇರಿದ ಸಲಗ. ಅದನ್ನು ಓಡಿಸುವ ಯತ್ನವೇ ಬೇಡ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಸಿಬ್ಬಂದಿಗೆ ಬಿಟ್ಟುಬಿಡಿ.

ಬೆಳಗಾದ ಮೇಲೆ ತುಳಿದ ಬೆಳೆಯನ್ನು ಕೂಡಲೇ ತೆಗೆಯಬೇಡಿ. ಹೆಜ್ಜೆ, ಲದ್ದಿ, ಮುರಿದ ಬೆಳೆಗಳ ಫೋಟೊ ತೆಗೆದು, ಪಹಣಿ, ಬ್ಯಾಂಕ್ ಖಾತೆಯ ವಿವರದೊಂದಿಗೆ ವಲಯ ಕಚೇರಿಗೆ ಅರ್ಜಿ ಕೊಟ್ಟು, ಸಿಬ್ಬಂದಿ ಬಂದು ಮಹಜರು ಮಾಡುವವರೆಗೆ ಹಾಗೇ ಬಿಡಿ. ಪರಿಹಾರ ಪೂರ್ತಿ ನಷ್ಟ ತುಂಬದಿರಬಹುದು, ಆದರೆ ಅರ್ಜಿಯೇ ಇಲ್ಲದ ಊರಿನಲ್ಲಿ ಇಲಾಖೆಯ ಕಡತದ ಪ್ರಕಾರ ಆನೆ ಹಾವಳಿಯೇ ಇಲ್ಲ. ಬೇಲಿ, ಕಂದಕ ಮಂಜೂರು ಮಾಡಿಸಿಕೊಳ್ಳುವಾಗ ಈ ಅರ್ಜಿಗಳೇ ಊರಿನ ಸಾಕ್ಷಿ.

ಕಾಡಂಚಿನ ರೈತರಲ್ಲಿ ಒಂದು ವಿನಂತಿ. ತೆನೆ ಬಂದ ಮೇಲೆ ಸಭೆ ಸೇರಿದರೆ ತಡವಾಗುತ್ತದೆ. ಬಿತ್ತನೆಯ ವಾರದಲ್ಲೇ ಸೇರಿ. ಅಂಚಿನ ಹೊಲಗಳನ್ನು ಒಟ್ಟಿಗೆ ಬಿತ್ತುವುದು, ಬೇಲಿಯ ಎರಡೂ ಕೊನೆಗಳನ್ನು ದಿನಾ ಸಂಜೆ ಅಳೆಯುವವರು ಯಾರೆಂದು ವಾರಕ್ಕೊಬ್ಬರಂತೆ ಹೆಸರು ಬರೆಯುವುದು, ಊರಿಲ್ಲದವರ ಪಾಲಿನ ಕಳೆಯನ್ನು ಯಾರು ಕೀಳಬೇಕೆಂದು ಮೊದಲೇ ಹೇಳಿಡುವುದು, ಈ ಮೂರನ್ನು ಅಂದೇ ತೀರ್ಮಾನಿಸಿ. ಹನ್ನೆರಡು ಹೊಲಗಳ ಬೇಲಿಯನ್ನು ಹನ್ನೊಂದು ಜನ ಕಾಯ್ದರೆ ಆನೆ ಬರುವುದು ಹನ್ನೆರಡನೆಯವರ ಹೊಲದ ಮೂಲಕ, ತಿನ್ನುವುದು ಎಲ್ಲರ ರಾಗಿಯನ್ನು.